ಕೈಗೆ ಬಿಗಿ, ಕಟ್ಟಿಗೆಗೆ ಸಡಿಲ

ಕಲಘಟಗಿಯ ಬಣ್ಣದ ತೊಟ್ಟಿಲನ್ನು ಕಂಡವರಿಗೆ ಅದರ ಮೇಲಿನ ಅರಗಿನ ಚಿತ್ರಗಳು ನೆನಪಿರುತ್ತವೆ. ಅದನ್ನು ಮಾಡಿದವನ ಹೊಣೆಗಾರಿಕೆ ಅಷ್ಟಾಗಿ ನೆನಪಿರುವುದಿಲ್ಲ. ಮರ ಆರಿಸಿದವನು, ಕೊರೆದವನು, ಕೂಡಿಸಿದವನು, ಕೊನೆಗೆ ಅಲುಗಾಡಿಸಿ ನೋಡಿ ಮನೆಗೆ ಕೊಟ್ಟವನು ಅದೇ ಕಸುಬಿನವನಾಗಿದ್ದ. ನಾಮಕರಣದ ದಿನ ತೊಟ್ಟಿಲಿಗೆ ಪೂಜೆ ಮಾಡುತ್ತಿದ್ದ ಮನೆಯವರು ಅದರ ಗಟ್ಟಿತನವನ್ನು ಪರೀಕ್ಷಿಸಬೇಕಾಗಿರಲಿಲ್ಲ. ಆ ಕೆಲಸ ಅದಾಗಲೇ ಮುಗಿದಿರುತ್ತಿತ್ತು.

ಇಂದು ಪುಣೆಯ ನಮ್ಮ ಮನೆಗಳಿಗೆ ಬರುವ ಮಗುವಿನ ಮಂಚ, ಎಂದರೆ ಎಲ್ಲರೂ 'ಬೇಬಿ ಕಾಟ್' ಎನ್ನುವ ವಸ್ತು, ಚಪ್ಪಟೆಯಾದೊಂದು ರಟ್ಟಿನ ಪೆಟ್ಟಿಗೆಯಲ್ಲಿ ಬರುತ್ತದೆ. ಒಳಗೆ ಎರಡು ಉದ್ದದ ಕಟಾಂಜನಗಳು, ತಲೆಬದಿ ಮತ್ತು ಕಾಲುಬದಿಯ ಎರಡು ಚೌಕಟ್ಟುಗಳು, ಹಾಸಿಗೆ ಇಡುವ ಒಂದು ತಳ, ಪ್ಲಾಸ್ಟಿಕ್ ಚೀಲದಲ್ಲಿ ಬೋಲ್ಟುಗಳು, ಒಂದು ಅಲೆನ್ ಕೀ, ಚಿತ್ರಗಳಷ್ಟೇ ಇರುವ ಒಂದು ಹಾಳೆ ಇರುತ್ತವೆ. ಕಾರ್ಖಾನೆ ತನ್ನ ಕೆಲಸದ ಕೊನೆಯ ಹಂತವನ್ನು ನಮ್ಮ ಹಾಲಿಗೆ ಕಳಿಸಿಕೊಟ್ಟಿದೆ. ಆ ಹಂತವನ್ನು ಪೂರೈಸುವವರೇ ಆ ಮಂಚದ ಕೊನೆಯ ಬಡಗಿ. ಆದರೆ ನಾವು ಈ ಹೊಣೆಯನ್ನು ಹೊತ್ತಿದ್ದೇವೆಂದು ನಮಗೆ ಅನಿಸುವುದಿಲ್ಲ. ಸಾಮಾನು ತಂದವರ ಜೊತೆ ಬಂದ ಹುಡುಗ ಇಪ್ಪತ್ತು ನಿಮಿಷದಲ್ಲಿ 'ಝಾಲಂ' ಎಂದು ಎದ್ದು ಹೋದರೆ ಕೆಲಸ ಮುಗಿಯಿತೆಂದು ತಿಳಿಯುತ್ತೇವೆ.

ನನ್ನ ವಾದ ಇಷ್ಟೇ: ಮಗುವಿನ ಮಂಚದಲ್ಲಿ ಸರಳುಗಳ ನಡುವಿನ ಅಂತರ ಮತ್ತು ಬೋಲ್ಟುಗಳ ಬಿಗಿ ಎರಡು ಬೇರೆ ಸಂಗತಿಗಳಲ್ಲ. ಒಂದು ಕೆಟ್ಟರೆ ಇನ್ನೊಂದೂ ಕೆಡುತ್ತದೆ. ಮತ್ತು ಪುಣೆಯ ಹವೆಯಲ್ಲಿ ಇವೆರಡನ್ನೂ ಒಮ್ಮೆ ನೋಡಿ ಬಿಟ್ಟರೆ ಸಾಲದು. ಹೀಗಾಗಿ ಜೋಡಣೆಯನ್ನು ಬಾಡಿಗೆಗೆ ಕೊಡಬಹುದು, ಪರೀಕ್ಷೆಯನ್ನು ಕೊಡಬಾರದು.

ಮೊದಲು ಅಂತರದ ಮಾತು. ಸರಳುಗಳ ನಡುವೆ 60 ಮಿಲಿಮೀಟರಿಗಿಂತ ಹೆಚ್ಚು ಜಾಗ ಇರಬಾರದು ಎಂಬುದು ಅಮೆರಿಕದಲ್ಲಿ 1970ರ ದಶಕದಿಂದ ಇರುವ ಕಾನೂನು. ಅವರ ಲೆಕ್ಕದಲ್ಲಿ ಎರಡು ಮತ್ತು ಮೂರೆಂಟಾಂಶ ಇಂಚು. ಯುರೋಪಿನ ಇ.ಎನ್. 716 ಎಂಬ ಮಾನದಂಡ 45ರಿಂದ 65 ಮಿಲಿಮೀಟರಿನವರೆಗೆ ಒಪ್ಪುತ್ತದೆ. ನಮ್ಮಲ್ಲಿ ಮಾರಾಟವಾಗುವ ಎಷ್ಟೋ ಪೆಟ್ಟಿಗೆಗಳ ಮೇಲೆ ಇವೆರಡರಲ್ಲಿ ಒಂದರ ಹೆಸರು ಅಚ್ಚಾಗಿರುತ್ತದೆ. ಭಾರತದಲ್ಲಿ ಆಟಿಕೆಗಳಿಗೆ 2021ರ ಜನವರಿ 1ರಿಂದ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ಆದರೆ ಮಂಚ ಆಟಿಕೆಯಲ್ಲ. ಆದ್ದರಿಂದ ಜೊತೆಗೆ ಬಂದ ಗೊಂಬೆಯ ಮೇಲಿನ ಗುರುತನ್ನು ಕಂಡು ಮಂಚದ ಬಗ್ಗೆ ನೆಮ್ಮದಿಪಡುವಂತಿಲ್ಲ.

ಈ 60ರ ಹಿಂದಿನ ಕಾರಣವನ್ನು ತಿಳಿದರೆ ಅಂಕಿ ಮರೆಯುವುದಿಲ್ಲ. ಮಗುವಿನ ತಲೆ ಸರಳುಗಳ ನಡುವೆ ನುಗ್ಗೀತೆಂದು ಸಾಮಾನ್ಯವಾಗಿ ನಾವು ಹೆದರುತ್ತೇವೆ. ನಿಜವಾದ ಅಪಾಯ ಇದರ ತಿರುಗುಮುರುಗು. ಎಳೆಮಗುವಿನ ದೇಹದಲ್ಲಿ ತಲೆಯೇ ದೊಡ್ಡದು, ಗಟ್ಟಿಯಾದದ್ದು. ಸೊಂಟ ಸಣ್ಣದು, ಒತ್ತಿದರೆ ತಗ್ಗುವಂಥದ್ದು. ಮಗು ಕಾಲು ಒದೆಯುತ್ತ ಹೊರಳಿದಾಗ ಮೊದಲು ಕಾಲು, ಆಮೇಲೆ ಸೊಂಟ, ಎದೆ ಹೀಗೆ ಸರಳುಗಳ ನಡುವೆ ಜಾರುತ್ತದೆ. ತಲೆ ಮಾತ್ರ ಒಳಗೇ ಉಳಿಯುತ್ತದೆ. ದೇಹದ ಭಾರವೆಲ್ಲ ಕುತ್ತಿಗೆಯ ಮೇಲೆ ಬೀಳುತ್ತದೆ. ಅದಕ್ಕೇ ತಲೆಯನ್ನಲ್ಲ, ಸಣ್ಣ ಮೈಯ ಶಿಶುವಿನ ಸೊಂಟವನ್ನೂ ತಡೆಯುವಷ್ಟು ಕಿರಿದಾದ ಅಂತರ ಬೇಕು. ತಲೆ ಹೋಗುವುದಿಲ್ಲವಲ್ಲ ಎಂಬ ಸಮಾಧಾನ ಇಲ್ಲಿ ಸಲ್ಲದು.

ಅಳೆಯುವ ಬಗೆಯಲ್ಲೂ ನಮ್ಮಲ್ಲಿ ಎರಡು ತಪ್ಪು ರೂಢಿಗಳಿವೆ. ಒಂದು, ತಂಪುಪಾನೀಯದ ಡಬ್ಬಿಯ ಪರೀಕ್ಷೆ. ಡಬ್ಬಿ ಸರಳುಗಳ ನಡುವೆ ತೂರದಿದ್ದರೆ ಸರಿ ಎಂಬ ಈ ಮಾತು ಅಮೆರಿಕದಿಂದ ಬಂದದ್ದು. ಅಲ್ಲಿಯ ದಪ್ಪ ಡಬ್ಬಿಯ ಅಡ್ಡಳತೆ ಸುಮಾರು 66 ಮಿಲಿಮೀಟರು. ಅದು ತೂರಿದರೆ ಮಂಚ ಖಂಡಿತ ಕೆಟ್ಟದ್ದು, ನಿಜ. ಆದರೆ ತೂರದಿದ್ದರೆ ಒಳ್ಳೆಯದೆಂದು ಹೇಳಲಾಗದು. 64ರ ಅಂತರವನ್ನು ಅದು ಹಿಡಿದುಕೊಡುವುದಿಲ್ಲ. ನಮ್ಮ ಅಂಗಡಿಗಳಲ್ಲಿ ಈಗ ಸಿಗುವ ಸಪೂರ ಡಬ್ಬಿಯಾದರೋ ಸರಿಯಾದ ಅಂತರದಲ್ಲೂ ತೂರಿ ಸುಮ್ಮನೆ ಗಾಬರಿ ಹುಟ್ಟಿಸುತ್ತದೆ. ಇನ್ನೊಂದು, ಟೇಪು ಹಿಡಿದು ಒಂದೆರಡು ಕಡೆ ಅಳೆದು ಉಳಿದದ್ದನ್ನು ಊಹಿಸುವುದು. ಮಂಚದ ಉದ್ದದ ಬದಿಯಲ್ಲಿ ಎರಡು ಕಂಬಗಳ ನಡುವೆ 1190 ಮಿಲಿಮೀಟರಿದ್ದು, 30 ಮಿಲಿಮೀಟರ್ ಅಗಲದ 13 ಸರಳುಗಳಿದ್ದರೆ ಸರಳುಗಳೇ 390 ಮಿಲಿಮೀಟರನ್ನು ಆಕ್ರಮಿಸುತ್ತವೆ. ಉಳಿದ 800ನ್ನು 14 ಅಂತರಗಳಿಗೆ ಹಂಚಿದರೆ ಒಂದೊಂದಕ್ಕೆ ಸುಮಾರು 57 ಬರುತ್ತದೆ. ಲೆಕ್ಕ ಚೆನ್ನಾಗಿಯೇ ಇದೆ. ಆದರೆ ಮಗು ಸರಾಸರಿಯಲ್ಲಿ ಸಿಕ್ಕಿಬೀಳುವುದಿಲ್ಲ, ಎಲ್ಲೋ ಒಂದು ಅಂತರದಲ್ಲಿ ಸಿಕ್ಕಿಬೀಳುತ್ತದೆ.

ಒಳ್ಳೆಯ ಉಪಾಯ ಒಂದೇ. ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿನಲ್ಲೋ ನಿಮ್ಮ ಬಡಾವಣೆಯ ಬಡಗಿಯ ಹತ್ತಿರವೋ ಸರಿಯಾಗಿ 60 ಮಿಲಿಮೀಟರ್ ದಪ್ಪದ, ಅಂಗೈಯಗಲದ ಒಂದು ಮರದ ತುಂಡನ್ನು ಕೊಯ್ಯಿಸಿಕೊಳ್ಳಿ. ಅದನ್ನು ಪ್ರತಿಯೊಂದು ಅಂತರಕ್ಕೂ ಮೇಲೆ, ನಡುವೆ, ಕೆಳಗೆ ಹಿಡಿದು ಒತ್ತಿ ನೋಡಿ. ಒತ್ತುವುದು ಮುಖ್ಯ, ಏಕೆಂದರೆ ತೆಳ್ಳಗಿನ ಸರಳು ನಡುವಿನಲ್ಲಿ ಬಾಗುತ್ತದೆ. ಮುಟ್ಟಿದಾಗ 59 ಇದ್ದದ್ದು ಮಗು ಒದ್ದಾಗ 63 ಆಗಬಹುದು. ತುಂಡು ಒಳಗೆ ಹೋಗಬಾರದು. ಜೊತೆಗೆ ಒಂದೊಂದು ಸರಳನ್ನೂ ಕೈಯಲ್ಲಿ ಹಿಡಿದು ತಿರುಚಿ ನೋಡಬೇಕು. ಗುಂಡು ಸರಳು ತನ್ನ ರಂಧ್ರದಲ್ಲಿ ತಿರುಗಿದರೆ ಗೋಂದು ಬಿಟ್ಟಿದೆ ಎಂದರ್ಥ. ಒಂದು ಸರಳು ಕಳಚಿಬಂದರೆ ಎರಡು ಅಂತರಗಳೂ ಸರಳಿನ ದಪ್ಪವೂ ಸೇರಿ 144 ಮಿಲಿಮೀಟರಿನ ಬಾಗಿಲೇ ತೆರೆದುಕೊಳ್ಳುತ್ತದೆ.

ಈ ಹದಿನಾಲ್ಕು ಅಂತರಗಳಲ್ಲಿ ಎರಡನ್ನು ಕಾರ್ಖಾನೆ ನಿರ್ಧರಿಸುವುದಿಲ್ಲ, ನಾವು ನಿರ್ಧರಿಸುತ್ತೇವೆ. ನಡುವಿನ ಹನ್ನೆರಡೂ ಕಟಾಂಜನದಲ್ಲಿ ಮೊದಲೇ ಕೂಡಿಸಿ ಬಂದಿರುತ್ತವೆ. ಆದರೆ ಮೊದಲ ಸರಳಿಗೂ ಕಂಬಕ್ಕೂ ನಡುವಿನ ಅಂತರ, ಹಾಗೆಯೇ ಕೊನೆಯ ಸರಳಿಗೂ ಇನ್ನೊಂದು ಕಂಬಕ್ಕೂ ನಡುವಿನ ಅಂತರ ಹುಟ್ಟುವುದು ನಾವು ಕಟಾಂಜನವನ್ನು ಕಂಬಕ್ಕೆ ಬೋಲ್ಟ್ ಹಾಕಿ ಕೂಡಿಸಿದಾಗ. ಆ ಜಾಯಿಂಟು ಎಷ್ಟು ಬಾಯಿಬಿಡುತ್ತದೋ ಅಂತರ ಅಷ್ಟು ಹಿಗ್ಗುತ್ತದೆ. ಸರಳುಗಳ ಅಂತರವೂ ಬೋಲ್ಟಿನ ಬಿಗಿಯೂ ಒಂದೇ ಸಂಗತಿ ಎಂದು ನಾನು ಹೇಳಿದ್ದು ಇದಕ್ಕೇ.

ವಾಕಡದ ಒಂದು ಕನ್ನಡ ಕುಟುಂಬದಲ್ಲಿ ನಡೆದದ್ದನ್ನು ಉದಾಹರಣೆಯಾಗಿ ನೋಡಬಹುದು. ಜುಲೈ ತಿಂಗಳಲ್ಲಿ ಅವರ ಮನೆಗೆ ಮಂಚ ಬಂತು. ಜೋಡಿಸುವವನು ಡ್ರಿಲ್ ಯಂತ್ರ ಹಿಡಿದು ಬಂದು, ಬೇಗ ಮುಗಿಸಿ ಹೋದ. ಬಾಣಂತನಕ್ಕೆಂದು ಹುಬ್ಬಳ್ಳಿಯಿಂದ ಬಂದಿದ್ದ ಅಜ್ಜಿ ಅಜ್ಜಂದಿರಲ್ಲಿ ಅಜ್ಜ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತರಾದವರು. ಅವರು ಮಂಚದ ಸುತ್ತ ಒಮ್ಮೆ ನಡೆದು, ಎಂಟು ಬೋಲ್ಟುಗಳಲ್ಲಿ ಒಂದರ ತಲೆ ಮಾತ್ರ ಹೊಳೆಯುತ್ತಿದೆ, ಉಳಿದ ಏಳು ಕಪ್ಪಗಿವೆ ಎಂದು ಗುರುತಿಸಿದರು. ಪೆಟ್ಟಿಗೆಯಲ್ಲಿ ಒಂದು ಬೋಲ್ಟ್ ಕಡಿಮೆ ಬಿದ್ದಿತ್ತು. ಹುಡುಗ ತನ್ನ ಚೀಲದಿಂದ ಒಂದನ್ನು ತೆಗೆದು ಹಾಕಿದ್ದ. ದಪ್ಪ ಒಂದೇ, ಎಳೆಯೂ ಒಂದೇ, ಉದ್ದ ಮಾತ್ರ ಬೇರೆ.

ಮಗ ಅಲೆನ್ ಕೀ ಹಾಕಿ ತಿರುಗಿಸಿ ನೋಡಿ, "ಅಪ್ಪಾ, ಭಾಳ ಟೈಟ್ ಅದ" ಎಂದ. ಅಜ್ಜ ಹಳೆಯ ಲಗ್ನಪತ್ರಿಕೆಯೊಂದರ ಅಂಚನ್ನು ಜಾಯಿಂಟಿನ ಸಂದಿಗೆ ಹಿಡಿದರು. ಅದು ಸಲೀಸಾಗಿ ಒಳಗೆ ಹೋಯಿತು. "ಕೈಗೆ ಬಿಗಿ ಆಗೇದ, ಕಟ್ಟಿಗಿಗೆ ಆಗಿಲ್ಲ ನೋಡಪಾ" ಎಂದರು.

ಆ ಮಾತಿನ ಹಿಂದಿನ ಯಂತ್ರವಿದ್ಯೆ ಹೀಗಿದೆ. ಇಂಥ ಮಂಚಗಳಲ್ಲಿ ಬೋಲ್ಟ್ ಮೊದಲು ಕಂಬವನ್ನು ಹಾದು, ಆಮೇಲೆ ಕಟಾಂಜನದ ತುದಿಯೊಳಕ್ಕೆ ಹೋಗುತ್ತದೆ. ಅಲ್ಲಿ ಅಡ್ಡಲಾಗಿ ಕೂರಿಸಿದ, ಸಣ್ಣ ಉರುಳೆಯಂಥ ನಟ್ ಇರುತ್ತದೆ. ಬೋಲ್ಟಿನ ತಲೆ ಕಂಬವನ್ನು ಹೊರಗಿನಿಂದ ಒತ್ತಬೇಕು, ಉರುಳೆ ನಟ್ ಕಟಾಂಜನವನ್ನು ಒಳಗಿನಿಂದ ಎಳೆಯಬೇಕು. ಆ ಎಳೆತದಲ್ಲೇ ಜಾಯಿಂಟು ಮುಚ್ಚುತ್ತದೆ. ಈ ಮಂಚದಲ್ಲಿ ಕಂಬ 40 ಮಿಲಿಮೀಟರ್ ದಪ್ಪ, ಕಟಾಂಜನದೊಳಗೆ ಕೊರೆದ ರಂಧ್ರ ಇನ್ನು 40 ಮಿಲಿಮೀಟರ್ ಆಳ. ಒಟ್ಟು 80. ಕಾರ್ಖಾನೆ ಕೊಟ್ಟ ಬೋಲ್ಟುಗಳ ಉದ್ದ 75. ಹುಡುಗ ಹಾಕಿದ್ದು 85. ಅದರ ತುದಿ ರಂಧ್ರದ ತಳಕ್ಕೆ ಹೋಗಿ ತಾಗಿ ಅಲ್ಲೇ ನಿಂತಿತ್ತು. ತಿರುಗಿಸುವ ಕೈಗೆ ಸಿಕ್ಕಿದ್ದು ಆ ತಡೆಯ ಬಿಗಿ. ತಲೆ ಕಂಬವನ್ನು ಒತ್ತಲೇ ಇಲ್ಲ. ವಾಷರಿನ ದಪ್ಪ ಕಳೆದರೂ 3 ಮಿಲಿಮೀಟರಿಗಿಂತ ತುಸು ಹೆಚ್ಚು ಸಂದು ಉಳಿಯಿತು. ಆ ಬದಿಯ ಕೊನೆಯ ಅಂತರ 58 ಇರಬೇಕಾದದ್ದು 61 ದಾಟಿತು.

61 ಎಂದರೆ ಯುರೋಪಿನ ಮಿತಿಯೊಳಗೇ ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಒಂದು ಅಂಕಿಯಾಗಿ ಅದು ಸರಿ. ಆದರೆ ಒತ್ತಡವಿಲ್ಲದ ಜಾಯಿಂಟು ಇದ್ದಲ್ಲೇ ಇರುವುದಿಲ್ಲ. ಮಗು ನಿಂತು ಕಟಾಂಜನ ಹಿಡಿದು ಜಗ್ಗುವ ವಯಸ್ಸು ಬಂದಾಗ ಪ್ರತಿ ಜಗ್ಗಿಗೂ ಅದು ಅಷ್ಟಷ್ಟೇ ಆಡುತ್ತ, ತನ್ನ ರಂಧ್ರವನ್ನು ತಾನೇ ಸವೆಸಿಕೊಳ್ಳುತ್ತದೆ. ಮಿತಿಯೊಳಗಿನ ಅಂಕಿ ಇಂದಿನದು, ಸವೆತ ನಾಳೆಯದು. ಆ ಕುಟುಂಬ ಕಂಪನಿಗೆ ಬರೆದು, ಕಡಿಮೆ ಬಿದ್ದಿದ್ದ ಬೋಲ್ಟನ್ನೇ ತರಿಸಿಕೊಂಡಿತು. ಅದು ಬರುವವರೆಗೆ ಮಂಚವನ್ನು ಬಳಸಲಿಲ್ಲ. ರವಿವಾರ ಪೇಠೆಯ ಬೋಹರಿ ಆಳಿಯಲ್ಲಿ ಸಿಗದ ಬೋಲ್ಟಿಲ್ಲ ಎಂಬುದು ನಿಜ. ಆದರೆ ಅಲ್ಲಿಂದ ತಂದದ್ದು 10 ಮಿಲಿಮೀಟರ್ ಉದ್ದವಾದರೆ ಹೀಗಾಗುತ್ತದೆ. ಅಷ್ಟೇ ಗಿಡ್ಡವಾದರೆ ನಟ್ಟಿನ ಒಂದೆರಡು ಎಳೆಗಳನ್ನಷ್ಟೇ ಹಿಡಿದು, ಒಂದು ದಿನ ಅವನ್ನೂ ಕಿತ್ತುಕೊಂಡು ಬರುತ್ತದೆ. ಮಗುವಿನ ಮಂಚಕ್ಕೆ ಅದರದೇ ಬಿಡಿಭಾಗ ಬೇಕು.

ಇಂಥದ್ದು ಆಗದಿರಲು ಬೇಕಾದ ಕ್ರಮ ಕಷ್ಟದ್ದೇನಲ್ಲ, ಅವಸರ ಮಾತ್ರ ಇರಬಾರದು. ಮೊದಲು ಬೋಲ್ಟುಗಳನ್ನು ಜಾತಿವಾರು ಒಂದು ತಟ್ಟೆಯಲ್ಲಿ ಹರಡಿ, ಹಾಳೆಯ ಚಿತ್ರದ ಜೊತೆ ಎಣಿಸಬೇಕು. ಒಂದು ಕಡಿಮೆ ಇದ್ದರೆ ಕೆಲಸ ಅಲ್ಲಿಗೇ ನಿಲ್ಲಬೇಕು. ಮುಗಿದ ಮೇಲೆ ಒಂದು ಉಳಿದಿದ್ದರೆ ಅದೂ ಸಂತೋಷದ ವಿಷಯವಲ್ಲ, ಎಲ್ಲೋ ಒಂದು ಜಾಗ ಖಾಲಿ ಇದೆ. ಸಮತಟ್ಟಾದ ನೆಲದ ಮೇಲೆ, ಇಬ್ಬರು ಸೇರಿ ಕೂಡಿಸುವುದು ಒಳ್ಳೆಯದು. ಉರುಳೆ ನಟ್ಟಿನ ತಲೆಯ ಮೇಲೆ ಒಂದು ಗೀರು ಇರುತ್ತದೆ, ಅದು ಬೋಲ್ಟ್ ಬರುವ ದಿಕ್ಕಿಗೆ ನೇರವಾಗಿದ್ದರೆ ಒಳಗಿನ ರಂಧ್ರವೂ ನೇರವಾಗಿದೆ ಎಂದರ್ಥ. ಎಲ್ಲ ಬೋಲ್ಟುಗಳನ್ನೂ ಮೊದಲು ಬರಿಗೈಯಲ್ಲೇ ನಾಲ್ಕೈದು ಸುತ್ತು ಹಾಕಬೇಕು. ಬೆರಳಿಗೆ ಬಗ್ಗದ ಬೋಲ್ಟ್ ಓರೆಯಾಗಿ ಹೊಕ್ಕಿದೆ. ಆಗ ಬಿಚ್ಚಿ ಮತ್ತೆ ಹಾಕಬೇಕೇ ಹೊರತು ಕೀ ಹಾಕಿ ಬಲವಂತ ಮಾಡಬಾರದು. ಡ್ರಿಲ್ ಯಂತ್ರ ಇಲ್ಲಿ ಬೇಡವೆನ್ನುವುದು ಇದಕ್ಕೇ: ಓರೆಯಾದದ್ದು, ತಳಕ್ಕೆ ತಾಗಿದ್ದು, ಮರ ನುಜ್ಜಾದದ್ದು, ಈ ಮೂರನ್ನೂ ಕೈ ಹೇಳುತ್ತದೆ, ಯಂತ್ರ ಹೇಳುವುದಿಲ್ಲ.

ಎಂಟೂ ಬೋಲ್ಟುಗಳು ಕಚ್ಚಿಕೊಂಡ ಮೇಲೆ ಮಂಚವನ್ನು ಮೂಲೆಯಿಂದ ಮೂಲೆಗೆ ಅಳೆಯಿರಿ. ಎರಡೂ ಕರ್ಣಗಳು ಸಮನಾಗಿದ್ದರೆ ಮಂಚ ಓರೆಯಾಗಿಲ್ಲ. ಆಮೇಲೆ ಒಂದು ಮೂಲೆ, ಅದರ ಎದುರು ಮೂಲೆ ಹೀಗೆ ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತ ಬರಬೇಕು. ಒಂದೇ ಮೂಲೆಯನ್ನು ಪೂರ್ತಿ ಬಿಗಿದು ಮುಂದೆ ಹೋದರೆ ಕೊನೆಯ ಮೂಲೆಯಲ್ಲಿ ಸಂದು ಉಳಿಯುತ್ತದೆ. ಎಷ್ಟು ಬಿಗಿ ಸಾಕು ಎಂಬುದನ್ನು ತೋಳಿನ ಬಲವಲ್ಲ, ಜಾಯಿಂಟು ಹೇಳಬೇಕು. ಸಂದಿಗೆ ಕಾಗದದ ಅಂಚು ಹೋಗದಿದ್ದರೆ, ಮೂಲೆ ಹಿಡಿದು ಅಲುಗಿಸಿದಾಗ ಕಿರುಗುಟ್ಟದಿದ್ದರೆ ಸಾಕು. ವಾಷರ್ ಮರದೊಳಗೆ ಇಳಿಯತೊಡಗಿದರೆ ಅತಿಯಾಗಿದೆ. ಸುತ್ತಲಿನ ನಾರು ನುಜ್ಜಾಗುತ್ತಿದೆ, ಇನ್ನೂ ಮುಂದೆ ಹೋದರೆ ಕೂದಲೆಳೆಯಂಥ ಬಿರುಕು ಬಿಡುತ್ತದೆ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು, ನಾವು ಪುಣೆಯಲ್ಲಿ ಇಲ್ಲದಿದ್ದರೆ. ಈ ಊರಿನ ಹವೆ ಮರಕ್ಕೆ ಕಠಿಣವಾದದ್ದು. ಜುಲೈ, ಆಗಸ್ಟಿನಲ್ಲಿ ಗಾಳಿಯ ತೇವಾಂಶ ಪ್ರತಿಶತ 80ನ್ನು ದಾಟಿರುತ್ತದೆ. ಗೋಡೆ ಬೆವರುತ್ತದೆ, ಬಾಗಿಲು ಚೌಕಟ್ಟಿಗೆ ಕಚ್ಚುತ್ತದೆ. ಏಪ್ರಿಲ್ಲಿನ ಮಧ್ಯಾಹ್ನಗಳಲ್ಲಿ ಅದೇ ತೇವಾಂಶ ಎಷ್ಟೋ ದಿನ 30ಕ್ಕೂ ಕೆಳಗಿಳಿಯುತ್ತದೆ. ಮರ ಈ ಏರಿಳಿತದ ಜೊತೆ ಹಿಗ್ಗುತ್ತದೆ, ಕುಗ್ಗುತ್ತದೆ. ಆದರೆ ಎಲ್ಲ ದಿಕ್ಕಿನಲ್ಲೂ ಒಂದೇ ಸಮನೆ ಅಲ್ಲ. ನಾರಿನ ಉದ್ದಕ್ಕೆ ಹೆಚ್ಚುಕಡಿಮೆ ಏನೂ ಬದಲಾಗುವುದಿಲ್ಲ, ಬದಲಾಗುವುದೆಲ್ಲ ನಾರಿಗೆ ಅಡ್ಡಲಾಗಿ. ನಮ್ಮ ಬೋಲ್ಟ್ ಕಂಬವನ್ನು ಹಾಯುವುದು ಅಡ್ಡಲಾಗಿಯೇ.

ಲೆಕ್ಕ ಹಾಕೋಣ. ಕಂಬದ ದಪ್ಪ 40 ಮಿಲಿಮೀಟರು. ಮರದೊಳಗಿನ ನೀರಿನಂಶ ಒಂದು ಪ್ರತಿಶತ ಇಳಿದರೆ ಇಂಥ ಮರ ಅಡ್ಡಲಾಗಿ ಸುಮಾರು ಕಾಲು ಪ್ರತಿಶತದಷ್ಟು ಕುಗ್ಗುತ್ತದೆ. ಮೇಲೆ ವಾರ್ನಿಶ್ ಇರುವುದರಿಂದ ಮಳೆಗಾಲದಿಂದ ಬೇಸಿಗೆಗೆ ನಾಲ್ಕೇ ಪ್ರತಿಶತ ಇಳಿಯಿತೆಂದುಕೊಂಡರೂ ಒಟ್ಟು ಕುಗ್ಗುವಿಕೆ ಒಂದು ಪ್ರತಿಶತ, ಎಂದರೆ 0.4 ಮಿಲಿಮೀಟರು. ಕಣ್ಣಿಗೆ ಕಾಣದಷ್ಟು. ಆದರೆ 6 ಮಿಲಿಮೀಟರ್ ದಪ್ಪದ ಸಾಮಾನ್ಯ ಬೋಲ್ಟ್ ಪೂರ್ತಿ ಒಂದು ಸುತ್ತಿಗೆ 1 ಮಿಲಿಮೀಟರ್ ಮುಂದೆ ಹೋಗುತ್ತದೆ. ಹಾಗಾದರೆ 0.4 ಮಿಲಿಮೀಟರ್ ಎಂದರೆ ಹತ್ತಿರ ಹತ್ತಿರ ಅರ್ಧ ಸುತ್ತು. ಜುಲೈಯಲ್ಲಿ ಚೆನ್ನಾಗಿ ಬಿಗಿದ ಬೋಲ್ಟ್ ಏಪ್ರಿಲ್ಲಿನಲ್ಲಿ ಯಾರೂ ಮುಟ್ಟದೆಯೇ ಅರ್ಧ ಸುತ್ತು ಬಿಚ್ಚಿದಂತಾಗಿರುತ್ತದೆ.

ವಾಕಡದ ಆ ಅಜ್ಜ ಊರಿಗೆ ಹಿಂತಿರುಗುವ ಮುನ್ನ ಸೊಸೆಯ ಉಗುರುಬಣ್ಣ ಕೇಳಿ ಪಡೆದು, ಪ್ರತಿ ಬೋಲ್ಟಿನ ತಲೆಯಿಂದ ಪಕ್ಕದ ಮರದ ಮೇಲಕ್ಕೆ ಹಾಯುವಂತೆ ಒಂದು ಗೆರೆ ಎಳೆದು ಹೋಗಿದ್ದರು. ವರ್ಕ್‌ಶಾಪಿನಲ್ಲಿ ನಟ್ಟುಗಳ ಮೇಲೆ ಬಣ್ಣದ ಗೆರೆ ಎಳೆಯುವ ರೂಢಿಯದು. ಬೋಲ್ಟ್ ತಿರುಗಿದರೆ ಗೆರೆ ಮುರಿದು ಎರಡಾಗಿ ಕಾಣುತ್ತದೆ. ಒಳ್ಳೆಯ ಗುರುತು, ಎಲ್ಲರೂ ಮಾಡಿಕೊಳ್ಳಬೇಕಾದದ್ದು. ಆದರೆ ಅದರ ಮಿತಿಯನ್ನೂ ತಿಳಿದಿರಬೇಕು. ಮುಂದಿನ ಯುಗಾದಿಗೆ ಅವರು ಮತ್ತೆ ಬಂದಾಗ ಎಂಟೂ ಗೆರೆಗಳು ಎಳೆದಂತೆಯೇ ನೇರವಾಗಿದ್ದವು. ಮಂಚ ಮಾತ್ರ ಕಿರುಗುಟ್ಟುತ್ತಿತ್ತು, ಎರಡು ಜಾಯಿಂಟುಗಳಲ್ಲಿ ಕಾಗದ ಒಳಗೆ ಹೋಗುತ್ತಿತ್ತು. ಬೋಲ್ಟ್ ತಿರುಗಿರಲಿಲ್ಲ, ಮರ ಸರಿದಿತ್ತು. ಲೋಹದ ಮೇಲೆ ಲೋಹ ಕೂರುವ ರೈಲಿನಲ್ಲಿ ಗೆರೆ ಹೇಳುವಷ್ಟನ್ನು ಮರದ ಮಂಚದಲ್ಲಿ ಅದು ಹೇಳಲಾರದು. ಗೆರೆ ಮುರಿದಿದ್ದರೆ ಬೋಲ್ಟ್ ಸಡಿಲಾಗಿದೆ. ಗೆರೆ ನೇರವಾಗಿದ್ದರೆ ಇನ್ನೂ ಕಾಗದದ ಪರೀಕ್ಷೆ ಬಾಕಿ ಇದೆ.

ಆದ್ದರಿಂದ ವೇಳಾಪಟ್ಟಿಯನ್ನು ಹವೆಯ ಜೊತೆ ಹೊಂದಿಸಬೇಕು. ಜೋಡಿಸಿದ ಒಂದು ವಾರಕ್ಕೆ ಒಮ್ಮೆ ನೋಡಬೇಕು, ಏಕೆಂದರೆ ಹೊಸ ಮರ ವಾಷರಿನ ಕೆಳಗೆ ಸ್ವಲ್ಪ ಕೂರುತ್ತದೆ. ಆಮೇಲೆ ತಿಂಗಳಿಗೊಮ್ಮೆ ಕಾಗದ ಹಿಡಿದು, ಮೂಲೆ ಅಲುಗಿಸಿ ನೋಡಿದರೆ ಸಾಕು. ದೀಪಾವಳಿಯ ಹೊತ್ತಿಗೆ ಮಳೆಯ ತೇವ ಇಳಿದಾಗ ಒಮ್ಮೆ, ಯುಗಾದಿಯ ಹೊತ್ತಿಗೆ ಮರ ಪೂರ್ತಿ ಒಣಗಿದಾಗ ಇನ್ನೊಮ್ಮೆ ಕೀ ಹಾಕಿ ಎಲ್ಲವನ್ನೂ ಬಿಗಿ ಮಾಡಬೇಕು. ಬೇಸಿಗೆಯ ಬಿಗಿ ಜಾಯಿಂಟು ಮುಚ್ಚುವಷ್ಟಿರಲಿ, ಅದರಾಚೆಗೆ ಬೇಡ. ಏಪ್ರಿಲ್ಲಿನಲ್ಲಿ ತೋಳಿನ ಬಲವೆಲ್ಲ ಹಾಕಿ ಬಿಗಿದರೆ ಜುಲೈಯಲ್ಲಿ ಹಿಗ್ಗುವ ಮರಕ್ಕೆ ಜಾಗವಿರುವುದಿಲ್ಲ. ಅದು ವಾಷರಿನ ಕೆಳಗೆ ತನ್ನನ್ನೇ ನುಜ್ಜಿಕೊಳ್ಳುತ್ತದೆ. ನುಜ್ಜಿದ ನಾರು ಮತ್ತೆ ಎದ್ದು ಬರುವುದಿಲ್ಲವಾದ್ದರಿಂದ ಮರುವರ್ಷದ ಸಡಿಲ ಇನ್ನೂ ಹೆಚ್ಚುತ್ತದೆ. ಇನ್ನೊಂದು ತಪ್ಪಿಸಬಾರದ ಸಂದರ್ಭವಿದೆ: ಮಗು ಅಂಗೈಯೂರಿ ಏಳಲು ತೊಡಗಿದಾಗ ಹಾಸಿಗೆಯ ತಳವನ್ನು ಕೆಳಗಿನ ಮಟ್ಟಕ್ಕೆ ಇಳಿಸುತ್ತೇವೆ. ಆಗ ಬಿಚ್ಚಿ ಹಾಕುವ ಬೋಲ್ಟುಗಳಿಗೂ ಮೊದಲ ದಿನದ ಎಣಿಕೆ, ಮೊದಲ ದಿನದ ಪರೀಕ್ಷೆ ಅಷ್ಟೂ ಸಲ್ಲಬೇಕು. ಹಾಸಿಗೆಯೂ ಮಂಚದ ಅಳತೆಯದೇ ಇರಬೇಕು. ಅದಕ್ಕೂ ಕಟಾಂಜನಕ್ಕೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಜಾಗವಿದ್ದರೆ ಅಲ್ಲಿ ಮಗುವಿನ ಮುಖ ಸಿಕ್ಕಿಕೊಳ್ಳಬಹುದು.

ಬಿಗಿ ಮಾಡುವುದರಿಂದ ಎಲ್ಲವೂ ಸರಿಹೋಗುವುದಿಲ್ಲ ಎಂಬುದನ್ನೂ ಹೇಳಬೇಕು. ಬೋಲ್ಟ್ ಕೊನೆಯಿಲ್ಲದೆ ತಿರುಗುತ್ತಿದ್ದರೆ ಎಳೆ ಹೋಗಿದೆ. ರಂಧ್ರದ ಸುತ್ತ ಬಿರುಕಿದ್ದರೆ ಮರ ಹೋಗಿದೆ. ಸರಳು ತಿರುಗುತ್ತಿದ್ದರೆ ಗೋಂದು ಹೋಗಿದೆ. ಇವಕ್ಕೆ ದಾರ ಸುತ್ತುವುದು, ಬೆಂಕಿಕಡ್ಡಿ ತುರುಕುವುದು, ಮೊಳೆ ಹೊಡೆಯುವುದು ಪರಿಹಾರವಲ್ಲ. ಆ ಮಂಚ ಮಗುವಿಗೆ ಸಲ್ಲದು. ಹೌಸಿಂಗ್ ಸೊಸೈಟಿಗಳಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟುವ ಹಳೆಯ ಮಂಚಗಳಲ್ಲಿ ಇಂಥವು ಸಿಗುತ್ತವೆ. ಮೂರು ಬಾರಿ ಬಿಚ್ಚಿ ಜೋಡಿಸಿದ ಮಂಚದ ರಂಧ್ರಗಳು ಮೂರು ಪಟ್ಟು ಸವೆದಿರುತ್ತವೆ, ಒಂದೆರಡು ಬೋಲ್ಟುಗಳು ದಾರಿಯಲ್ಲಿ ಕಳೆದಿರುತ್ತವೆ. ಅವುಗಳಲ್ಲಿ ಒಂದು ಬದಿ ಕೆಳಗೆ ಜಾರುವಂಥ ಮಂಚವಿದ್ದರೆ ಉಚಿತವಾಗಿ ಕೊಟ್ಟರೂ ಬೇಡ. ಆ ಜಾರುವ ಬದಿಯ ಕೊಂಡಿಗಳು ಮುರಿದು, ಕಳೆದು, ಇಲ್ಲವೇ ತಪ್ಪಾಗಿ ಜೋಡಣೆಯಾಗಿ, ಬದಿಗೂ ಹಾಸಿಗೆಗೂ ನಡುವೆ ತೆರೆದ ಸಂದಿನಲ್ಲಿ ಶಿಶುಗಳು ಸಿಕ್ಕಿ ಸತ್ತ ಪ್ರಕರಣಗಳ ನಂತರ ಅಮೆರಿಕ ಅಂಥ ಮಂಚಗಳ ತಯಾರಿಕೆ ಮತ್ತು ಮಾರಾಟವನ್ನು 2011ರ ಜೂನ್ 28ರಿಂದ ನಿಷೇಧಿಸಿತು. ಅದೇ ನಿಯಮದಲ್ಲಿ ಬೋಲ್ಟುಗಳು ತಾವಾಗಿ ಸಡಿಲಾಗದಂತೆ ತಡೆಯಿರಬೇಕೆಂಬ ಮಾತೂ ಸೇರಿತು. ಸಡಿಲವಾದ ಬೋಲ್ಟನ್ನು ಅವರು ಸಾವಿನ ಕಾರಣಗಳ ಪಟ್ಟಿಯಲ್ಲಿಟ್ಟರು. ನಾವಿನ್ನೂ ಅದನ್ನು ಭಾನುವಾರದ ಚಿಲ್ಲರೆ ಕೆಲಸಗಳ ಪಟ್ಟಿಯಲ್ಲಿಟ್ಟಿದ್ದೇವೆ.

ಇದಕ್ಕೆ ಬರುವ ಉತ್ತರ ನನಗೆ ಗೊತ್ತಿದೆ: ನಾವೆಲ್ಲ ಹಳೆಯ ಸೀರೆಯ ಜೋಲಿಯಲ್ಲಿ ಬೆಳೆದವರು, ನಮಗೇನಾಯಿತು? ಜೋಲಿಯ ಬಗ್ಗೆ ನನಗೆ ಗೌರವವಿದೆ. ಆದರೆ ಅದರ ಸುರಕ್ಷತೆ ಬಟ್ಟೆಯಲ್ಲಿರಲಿಲ್ಲ, ಪಕ್ಕದಲ್ಲಿ ಕೂತವರ ಕಣ್ಣಿನಲ್ಲಿತ್ತು. ಅಜ್ಜಿ ಮಗುವನ್ನು ಮಲಗಿಸುವ ಮೊದಲು ಪ್ರತಿ ಸಲ ಗಂಟನ್ನು ಜಗ್ಗಿ ನೋಡುತ್ತಿದ್ದಳು. ಆ ಜಗ್ಗುವಿಕೆಯನ್ನೇ ನಾವು ಬೋಲ್ಟಿನ ಕಾಲಕ್ಕೆ ತರಬೇಕಾಗಿರುವುದು. ಮಂಚವನ್ನು ಕೊಳ್ಳುವ ಉದ್ದೇಶವೇ ಮಗುವನ್ನು ರಾತ್ರಿಯಿಡೀ, ಯಾರ ಕಣ್ಣೂ ಇಲ್ಲದೆ, ಅದರಲ್ಲಿ ಬಿಡುವುದು. ಕಣ್ಣು ಮಾಡುತ್ತಿದ್ದ ಕೆಲಸವನ್ನು ಆಗ 60 ಮಿಲಿಮೀಟರಿನ ಅಂತರವೂ ಎಂಟು ಬೋಲ್ಟುಗಳೂ ಮಾಡಬೇಕು. ಹಳೆಯ ತೊಟ್ಟಿಲನ್ನು ಪ್ರೀತಿಯಿಂದ ಊರಿನಿಂದ ತರಿಸಿಕೊಂಡವರಿಗೂ ಇದೇ ಮಾತು ಅನ್ವಯಿಸುತ್ತದೆ. ಅದರ ಕಡೆದ ಕಂಬಿಗಳಿಗೆ ಮರದ ತುಂಡು ಹಿಡಿದು ನೋಡಿ. ಅಂತರ ಹೆಚ್ಚಿದ್ದರೆ ಅದು ನಾಮಕರಣದ ದಿನಕ್ಕೆ, ಎಲ್ಲರೂ ಸುತ್ತ ನಿಂತು ಹಾಡುವ ಹೊತ್ತಿಗೆ ಇರಲಿ. ರಾತ್ರಿಯ ನಿದ್ದೆಗೆ ಬೇಡ.

ಹೊರನಾಡಿನಲ್ಲಿರುವ ನಮಗೆ ಇನ್ನೊಂದು ತೊಡಕೂ ಇದೆ, ಒಂದು ಅನುಕೂಲವೂ ಇದೆ. ಹಗಲಿಡೀ ಮಗುವಿನ ಜೊತೆ ಇರುವವರು ಊರಿನಿಂದ ಬಂದ ಅಜ್ಜಿ ಅಜ್ಜಂದಿರು. ಮಂಚ ಕಿರುಗುಟ್ಟುವುದನ್ನು ಮೊದಲು ಕೇಳಿಸಿಕೊಳ್ಳುವವರೂ ಅವರೇ. ಆದರೆ ಎಚ್ಚರಿಕೆಯ ಮಾತುಗಳು ಇಂಗ್ಲಿಷಿನಲ್ಲಿವೆ, ಜೋಡಿಸಲು ಬಂದವನು ಮಾತಾಡುವುದು ಮರಾಠಿ, ಹಿಂದಿ. ಮನೆಯಲ್ಲಿ ಅನುಭವವುಳ್ಳ ಕೈಗಳು ಇದ್ದೂ ಆ ಕೈಗಳಿಗೆ ಏನು ನೋಡಬೇಕೆಂದು ಯಾರೂ ಹೇಳಿರುವುದಿಲ್ಲ. ಅರ್ಧ ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಮಂಚದ ತಲೆಬದಿಯ ಹೊರಗೆ ಅಂಟಿಸಿ: ತುಂಡು ತೂರಬಾರದು, ಕಾಗದ ಹೋಗಬಾರದು, ಸರಳು ತಿರುಗಬಾರದು, ಗೆರೆ ಮುರಿಯಬಾರದು. ಕೆಳಗೆ ನೋಡಿದ ದಿನಾಂಕ. ಅಲೆನ್ ಕೀಯನ್ನು, ಆ ಮರದ ತುಂಡನ್ನು ಒಂದು ಚಿಕ್ಕ ಚೀಲದಲ್ಲಿ ಹಾಕಿ ಮಂಚದ ತಳಕ್ಕೆ, ಮಗುವಿನ ಕೈಗೆ ಎಟುಕದಂತೆ ಕಟ್ಟಿಡಿ. ಮುಂದೆ ಆ ಮಂಚ ಇನ್ನೊಂದು ಮನೆಗೆ ಹೋದರೆ ಚೀಲವೂ ಹಾಳೆಯೂ ಅದರ ಜೊತೆಗೇ ಹೋಗಲಿ.